ಮೊದಲು ಕಂಡವರೇ ತಾಯಿಯೇ?

ಸಾಕುಬಾತುಕೋಳಿ ಮೊಟ್ಟೆ ಇಡುವುದರಲ್ಲಿ ಮುಂದು, ಕಾವಿಗೆ ಕೂರುವುದರಲ್ಲಿ ಹಿಂದು. ಅದಕ್ಕೇ ಹಳ್ಳಿಗಳಲ್ಲಿ ಬಾತಿನ ಮೊಟ್ಟೆಗಳನ್ನು ಕಾವಿಗೆ ಕೂತ ನಾಟಿಕೋಳಿಯ ಕೆಳಗಿಟ್ಟು ಮರಿ ಮಾಡಿಸುವುದು ಹಳೆಯ ರೂಢಿ. ಕೋಳಿಮೊಟ್ಟೆಗೆ 21 ದಿನ ಕಾವು ಸಾಕು, ಬಾತಿನ ಮೊಟ್ಟೆಗೆ ಸುಮಾರು 28 ದಿನ ಬೇಕು. ಹೇಂಟೆ ಆ ಹೆಚ್ಚಿನ ಒಂದು ವಾರವನ್ನೂ ಗೊಣಗದೆ ಕೂರುತ್ತದೆ. ಮರಿಗಳು ಹೊರಬಂದು ಒಂದು ದಿನ ಕಳೆಯುವಷ್ಟರಲ್ಲಿ ಕೋಳಿ ಅಂಗಳ ಕೆದಕುತ್ತ ಮುಂದೆ, ಚಪ್ಪಟೆ ಕೊಕ್ಕಿನ ಮರಿಗಳು ಸಾಲುಗಟ್ಟಿ ಹಿಂದೆ. ದಾರಿಯಲ್ಲಿ ಹೊಂಡ ಸಿಕ್ಕಿತೆಂದರೆ ಮರಿಗಳು ಸೀದಾ ನೀರಿಗಿಳಿಯುತ್ತವೆ, ಕೋಳಿ ದಡದ ಮೇಲೆ ಅತ್ತಿಂದಿತ್ತ ಓಡಾಡಿ ಕೂಗಿಕೊಳ್ಳುತ್ತದೆ.

ಈಜು ಬಾತಿನ ಮರಿಗೆ ಹುಟ್ಟಿನಿಂದಲೇ ಬಂದಿದೆ, ಅದನ್ನು ಯಾರೂ ಕಲಿಸಬೇಕಿಲ್ಲ. ಆದರೆ ತನ್ನ ತಾಯಿ ನೋಡಲು ಹೇಗಿರುತ್ತಾಳೆ ಎಂಬುದು ಮಾತ್ರ ಅದಕ್ಕೆ ಹುಟ್ಟಿನಿಂದ ಗೊತ್ತಿಲ್ಲ. ಅದನ್ನು ಹೊರಬಂದ ಮೇಲೆ ಕಲಿಯಬೇಕು, ಅದೂ ಬಹಳ ಬೇಗ. ಈ ಕಲಿಕೆಗೆ ವಿಜ್ಞಾನಿಗಳು ಇಂಪ್ರಿಂಟಿಂಗ್ ಎನ್ನುತ್ತಾರೆ, ಕನ್ನಡದಲ್ಲಿ ಅಚ್ಚೊತ್ತಿಕೆ ಎನ್ನಬಹುದು.

ಇಷ್ಟು ಅವಸರ ಏಕೆ ಎಂಬುದು ಬಾತಿನ ಗೂಡನ್ನು ನೋಡಿದರೆ ತಿಳಿಯುತ್ತದೆ. ಕಾಗೆಯ ಮರಿ, ಗುಬ್ಬಿಯ ಮರಿ ಕಣ್ಣು ಮುಚ್ಚಿಕೊಂಡು, ಮೈಮೇಲೆ ಪುಕ್ಕವಿಲ್ಲದೆ ಹುಟ್ಟುತ್ತವೆ. ವಾರಗಟ್ಟಲೆ ಗೂಡು ಬಿಟ್ಟು ಕದಲುವುದಿಲ್ಲ. ತಾಯಿ ಯಾರೆಂದು ಗುರುತಿಸದಿದ್ದರೂ ಬಾಯಿ ತೆರೆದರೆ ಗುಟುಕು ಬೀಳುತ್ತದೆ. ಬಾತು ಮತ್ತು ಹೆಬ್ಬಾತುಗಳ ಗೂಡು ಹೆಚ್ಚಾಗಿ ನೆಲದ ಮೇಲೆ, ಹುಲ್ಲಿನ ನಡುವೆ ಇರುತ್ತದೆ. ನರಿ, ಹಾವು, ನಾಯಿಗಳಿಗೆ ಸುಲಭವಾಗಿ ಸಿಗುವ ಜಾಗ ಅದು. ಮರಿಗಳು ಕಣ್ಣು ತೆರೆದುಕೊಂಡೇ, ಮೈತುಂಬ ತುಪ್ಪಳ ಹೊತ್ತೇ ಹುಟ್ಟುತ್ತವೆ. ಮೈ ಒಣಗಿ ಕಾಲು ಗಟ್ಟಿಯಾದ ಕೂಡಲೇ ತಾಯಿ ಅವನ್ನು ನೀರಿನತ್ತ ಹೊರಡಿಸುತ್ತದೆ, ಸಾಮಾನ್ಯವಾಗಿ ಮಾರನೆಯ ಬೆಳಿಗ್ಗೆಯೇ. ನೀರು ಕೆಲವೊಮ್ಮೆ ನೂರಾರು ಮೀಟರ್ ದೂರದಲ್ಲಿರುತ್ತದೆ. ಮೇವನ್ನು ಮರಿಗಳೇ ಹುಡುಕಿಕೊಳ್ಳುತ್ತವೆ, ನಿಜ. ಆದರೆ ಮೈಯ ಬಿಸಿಯನ್ನು ತಾವೇ ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಚಳಿಯಾದರೆ ತಾಯಿಯ ಹೊಟ್ಟೆಯಡಿ ಸೇರಲೇಬೇಕು. ದಾರಿ ತಪ್ಪಿದ ಮರಿಗೆ ಉಳಿಗಾಲವಿಲ್ಲ. ಯಾರ ಹಿಂದೆ ಹೋಗಬೇಕು ಎಂಬುದು ಆ ಒಂದು ದಿನದೊಳಗೆ ಅದರ ತಲೆಯಲ್ಲಿ ಕೂತುಬಿಡಬೇಕು.

ಇದನ್ನು ಮೊದಲು ಗಮನವಿಟ್ಟು ಬರೆದವರಲ್ಲಿ ಡಗ್ಲಸ್ ಸ್ಪಾಲ್ಡಿಂಗ್ ಒಬ್ಬ. 1873ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಅವನು ಕೋಳಿಮರಿಗಳ ಬಗ್ಗೆ ಬರೆದ. ಮೊಟ್ಟೆಯೊಡೆದ ಕೂಡಲೇ ಮರಿಗಳ ತಲೆಗೆ ಪುಟ್ಟ ಮುಸುಕು ತೊಡಿಸಿ, ಬೇರೆ ಬೇರೆ ಹೊತ್ತಿನಲ್ಲಿ ತೆಗೆದು ನೋಡಿದ್ದ. ಬೇಗ ಮುಸುಕು ತೆಗೆದ ಮರಿಗಳು ಅವನ ಹಿಂದೆಯೇ ಓಡಿಬಂದವು. ನಾಲ್ಕು ದಿನದ ಹತ್ತಿರ ಮುಸುಕಿನಲ್ಲೇ ಇದ್ದ ಮರಿಗಳು ಅವನನ್ನು ಕಂಡದ್ದೇ ಹೆದರಿ ದೂರ ಓಡಿದವು. ಒಂದೇ ಮನುಷ್ಯ, ಒಂದೇ ಜಾತಿಯ ಮರಿ, ಆದರೆ ಕಂಡ ಹೊತ್ತು ಬೇರೆ. ಮುಂದೆ ನೂರು ವರ್ಷ ನಡೆದ ಸಂಶೋಧನೆಯ ತಿರುಳು ಆ ಒಂದು ಗಮನಿಕೆಯಲ್ಲೇ ಇತ್ತು. ಆದರೆ ಆ ಕಾಲದವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಬರ್ಲಿನ್ ಮೃಗಾಲಯದಲ್ಲಿದ್ದ ಆಸ್ಕರ್ ಹೈನ್‌ರೋತ್ 1911ರಲ್ಲಿ ಹೆಬ್ಬಾತಿನ ಮರಿಗಳ ಬಗ್ಗೆ ಇಂಥದ್ದೇ ಮಾತು ಬರೆದರು. ಕಾವು ಪೆಟ್ಟಿಗೆಯಲ್ಲಿ ಹುಟ್ಟಿದ ಮರಿ ಹೊರಬಂದ ಕೂಡಲೇ ಮನುಷ್ಯನನ್ನು ನೋಡಿಬಿಟ್ಟರೆ, ಆಮೇಲೆ ಅದನ್ನು ಹೆಬ್ಬಾತು ದಂಪತಿಯ ಬಳಿ ಬಿಟ್ಟರೂ ನಿಲ್ಲುವುದಿಲ್ಲ, ಕಿರುಚುತ್ತ ಮನುಷ್ಯನ ಹಿಂದೆಯೇ ಬರುತ್ತದೆ. ಹಾಗಾಗದಂತೆ ನೋಡಿಕೊಳ್ಳಲು ಅವರು ಹೇಳಿದ ಉಪಾಯ ಸರಳ: ಮರಿಯನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ, ಅದು ನಮ್ಮನ್ನು ನೋಡುವ ಮುನ್ನ, ಚೀಲದೊಳಗೆ ಹಾಕಿ ಹೆಬ್ಬಾತುಗಳ ಬಳಿ ಒಯ್ಯಬೇಕು.

ಜಗತ್ತಿಗೆ ಈ ಸಂಗತಿ ಗೊತ್ತಾದದ್ದು ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಸ್ ಅವರಿಂದ. ಡ್ಯಾನ್ಯೂಬ್ ನದಿಯ ಬದಿಯ ಆಲ್ಟೆನ್‌ಬರ್ಗ್ ಊರಿನ ತಮ್ಮ ಮನೆಯಲ್ಲೇ ಅವರು ಹೆಬ್ಬಾತುಗಳನ್ನು ಸಾಕಿದ್ದರು. ಮಾರ್ಟಿನಾ ಎಂದು ಅವರು ಹೆಸರಿಟ್ಟ ಬೂದು ಹೆಬ್ಬಾತಿನ ಮರಿ ಕಾವು ಪೆಟ್ಟಿಗೆಯಲ್ಲಿ ಅವರ ಕಣ್ಣೆದುರೇ ಹೊರಬಂತು. ಕತ್ತು ಓರೆ ಮಾಡಿ ಅವರನ್ನೇ ದಿಟ್ಟಿಸಿತು. ಅವರು ಕದಲಿ ಮಾತಾಡಿದಾಗ ಅದೂ ಕತ್ತು ಚಾಚಿ ಉತ್ತರ ಕೊಟ್ಟಿತು. ಆಮೇಲೆ ಅದನ್ನು ಒಂದು ಬಿಳಿ ಸಾಕುಹೆಬ್ಬಾತಿನ ಹೊಟ್ಟೆಯಡಿ ಸೇರಿಸಿ ಲೊರೆನ್ಸ್ ಎದ್ದು ನಡೆದರು. ಬೆಚ್ಚಗಿನ ಜಾಗ ಬಿಟ್ಟು ಮರಿ ಹೊರಬಂತು. ಸರಿಯಾಗಿ ನಿಲ್ಲಲೂ ಬಾರದ ಕಾಲಿನಲ್ಲಿ ತಡವರಿಸುತ್ತ, ಅಳುತ್ತ ಅವರ ಹಿಂದೆ ಬಂತು. ಮುಂದೆ ಅದು ರಾತ್ರಿ ಮಲಗಿದ್ದೂ ಅವರ ಕೋಣೆಯಲ್ಲೇ.

ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಲೊರೆನ್ಸ್ ಹಸಿರುತಲೆಯ ಮಲ್ಲಾರ್ಡ್ ಬಾತಿನ ಮರಿಗಳ ಜತೆ ಪಟ್ಟ ಪಾಡನ್ನು ಹೇಳುವವರು ಕಡಿಮೆ. ನಮ್ಮ ಸಾಕುಬಾತುಗಳ ಬಹುಪಾಲು ತಳಿಗಳ ಮೂಲ ಈ ಮಲ್ಲಾರ್ಡೇ. ಅದರ ಮರಿಗಳು ಲೊರೆನ್ಸರನ್ನು ಮೊದಲು ನೋಡಿದರೂ ಹಿಂದೆ ಬರಲಿಲ್ಲ, ಹೆದರಿ ಮೂಲೆ ಸೇರಿದವು. ಅವರು ತಾಯಿಬಾತಿನ ಹಾಗೆ ಎಡೆಬಿಡದೆ ಕ್ವಾಕ್ ಕ್ವಾಕ್ ಎಂದು ಕೂಗುತ್ತ, ಎತ್ತರ ಕಡಿಮೆಯಾಗಲೆಂದು ಕುಕ್ಕರಗಾಲಿನಲ್ಲಿ ಕೂತೇ ಹುಲ್ಲಿನ ಮೇಲೆ ಸರಿದಾಡಿದಾಗ ಮಾತ್ರ ಬೆನ್ನು ಹತ್ತಿದವು. ಕೂಗು ನಿಲ್ಲಿಸಿದರೆ ಅಳಲು ಶುರು. ಹೆಬ್ಬಾತಿನ ಮರಿಗೆ ಕಂಡರೆ ಸಾಕಾಯಿತು, ಬಾತಿನ ಮರಿಗೆ ಕೇಳಿಸಲೂ ಬೇಕಾಯಿತು. ಚಲಿಸುವ ಮೊದಲ ವಸ್ತುವನ್ನು ಕಣ್ಣು ಮುಚ್ಚಿ ಹಿಂಬಾಲಿಸುತ್ತವೆ ಎಂಬ ಮಾತಿನಲ್ಲಿ ಏನೋ ಕೊರತೆಯಿದೆ ಎಂಬ ಸುಳಿವು ಅಲ್ಲೇ ಇತ್ತು.

ಹೊತ್ತಿನ ಲೆಕ್ಕವನ್ನು ಅಳೆದು ನೋಡಿದವರು ಅಮೆರಿಕದ ಎಕ್‌ಹಾರ್ಡ್ ಹೆಸ್. 1950ರ ದಶಕದಲ್ಲಿ ಅವರು ಒಂದು ದುಂಡನೆಯ ಓಣಿ ಕಟ್ಟಿಸಿದರು, ಅಡ್ಡಳತೆ ಸುಮಾರು ಐದು ಅಡಿ. ಅದರಲ್ಲಿ ಗಂಡು ಮಲ್ಲಾರ್ಡಿನ ಗೊಂಬೆ ಯಂತ್ರದ ತೋಳಿಗೆ ಸಿಕ್ಕಿಕೊಂಡು ಸುತ್ತು ಹೊಡೆಯುತ್ತಿತ್ತು. ಗೊಂಬೆಯ ಹೊಟ್ಟೆಯೊಳಗೊಂದು ಧ್ವನಿವರ್ಧಕ. ಕತ್ತಲಲ್ಲೇ ಹುಟ್ಟಿಸಿ ಕತ್ತಲಲ್ಲೇ ಇಟ್ಟ ಮರಿಯನ್ನು ನಿಗದಿಯಾದ ಗಂಟೆಗೆ ತಂದು ಓಣಿಯಲ್ಲಿ ಬಿಡುವುದು, ಸ್ವಲ್ಪ ಹೊತ್ತು ಗೊಂಬೆಯ ಹಿಂದೆ ನಡೆಯಲು ಬಿಟ್ಟು ಮತ್ತೆ ಕತ್ತಲಿಗೆ ಒಯ್ಯುವುದು. ಆಮೇಲೆ ಪರೀಕ್ಷೆ: ಅದೇ ಗಂಡುಬಾತಿನ ಗೊಂಬೆ ಒಂದು ಕಡೆ, ಹೆಣ್ಣುಬಾತಿನ ಗೊಂಬೆ ಇನ್ನೊಂದು ಕಡೆ, ಮರಿ ಯಾವುದರ ಬಳಿಗೆ ಹೋಗುತ್ತದೆ?

ಮೊಟ್ಟೆಯೊಡೆದು 13ರಿಂದ 16 ಗಂಟೆ ಆದಾಗ ಗೊಂಬೆಯನ್ನು ಕಂಡ ಮರಿಗಳು ಅತಿ ಗಟ್ಟಿಯಾಗಿ ಗಂಡುಬಾತಿನ ಗೊಂಬೆಗೇ ಅಂಟಿಕೊಂಡವು. ತೀರ ಮೊದಲ ಗಂಟೆಗಳಲ್ಲಿ ತೋರಿಸಿದರೆ ಅಚ್ಚು ಸರಿಯಾಗಿ ಬೀಳಲಿಲ್ಲ. ಮರಿಗೆ ಆಗ ನೆಟ್ಟಗೆ ನಡೆಯಲೂ ಬರುವುದಿಲ್ಲ. 24 ಗಂಟೆ ದಾಟಿದ ಮೇಲೆ ತೋರಿಸಿದರೆ ಬಹುಪಾಲು ಮರಿಗಳು ಗೊಂಬೆಯಿಂದ ದೂರ ಸರಿದವು. ಹೆಸ್ ಇನ್ನೊಂದನ್ನೂ ಕಂಡರು. ಗೊಂಬೆಯ ಹಿಂದೆ ಹೆಚ್ಚು ದೂರ ನಡೆದ ಮರಿಗಳಲ್ಲಿ ಅಚ್ಚು ಹೆಚ್ಚು ಗಟ್ಟಿ. ಹಿಂದೆ ಹೋಗುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ ಎಂದು ಅವರು ಅದನ್ನು ಅರ್ಥ ಮಾಡಿಕೊಂಡರು. ಕಾಡಿನಲ್ಲಿ ಮರಿ ನಡೆಯಲು ಕಲಿಯುವುದೂ ತಾಯಿ ಗೂಡು ಬಿಡುವುದೂ ಈ ಹೊತ್ತಿನ ಆಸುಪಾಸಿನಲ್ಲೇ ಎಂಬುದನ್ನು ನೆನಪಿಟ್ಟುಕೊಂಡರೆ ಆ ಗಂಟೆಗಳ ಲೆಕ್ಕ ಅರ್ಥವಾಗುತ್ತದೆ.

ಹಾಗಾದರೆ 24 ಗಂಟೆಯ ನಂತರ ಬಾಗಿಲು ಮುಚ್ಚುವುದು ಏಕೆ? ಮರಿಯೊಳಗಿನ ಗಡಿಯಾರವೊಂದು ಮುಚ್ಚುತ್ತದೆ ಎಂದು ಬಹಳ ಕಾಲ ನಂಬಿದ್ದರು. ಕೇಂಬ್ರಿಜ್‌ನ ಪ್ಯಾಟ್ರಿಕ್ ಬೇಟ್‌ಸನ್ ಮತ್ತು ಇತರರು ಕೋಳಿಮರಿಗಳಲ್ಲಿ ನಡೆಸಿದ ಪ್ರಯೋಗಗಳು ಬೇರೆಯದನ್ನೇ ತೋರಿಸಿದವು. ನೋಡಲು ಏನೂ ಸಿಗದಂತೆ ಕತ್ತಲಲ್ಲಿ ಬೆಳೆದ ಮರಿಗಳಲ್ಲಿ ಬಾಗಿಲು ಇನ್ನೂ ಕೆಲವು ದಿನ ತೆರೆದೇ ಇರುತ್ತದೆ. ಬೆಳಕಿನಲ್ಲಿ ಏನನ್ನಾದರೂ ನೋಡುತ್ತ ಬೆಳೆದ ಮರಿಗಳಲ್ಲಿ ಬೇಗ ಮುಚ್ಚುತ್ತದೆ. ಅಂದರೆ ಕಲಿತದ್ದೇ ಕಲಿಕೆಯನ್ನು ಮುಗಿಸುತ್ತದೆ. ಒಂದು ರೂಪ ಪರಿಚಿತವಾದ ಕೂಡಲೇ ಉಳಿದದ್ದೆಲ್ಲ ಅಪರಿಚಿತವಾಗುತ್ತದೆ, ಅಪರಿಚಿತವಾದದ್ದರಿಂದ ಮರಿ ಓಡುತ್ತದೆ, ಓಡಿಹೋಗುವುದನ್ನು ಕಲಿಯಲು ಅವಕಾಶವೇ ಇರುವುದಿಲ್ಲ. ಬೇರೆ ಮರಿಗಳ ಜತೆ ಬೆಳೆದ ಮರಿ ಅವುಗಳ ಮೇಲೇ ಅಚ್ಚು ಒತ್ತಿಕೊಂಡು, ಆಮೇಲೆ ಬಂದ ಗೊಂಬೆಗೆ ಬೆನ್ನು ತೋರಿಸುವುದೂ ಇದೇ ಕಾರಣಕ್ಕೆ. ಬಾಗಿಲು ತೆರೆಯುವುದರಲ್ಲಿ ಮಾತ್ರ ದೇಹದ ರಸಾಯನದ ಕೈವಾಡವಿದೆ. ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದಂತೆ, ಮೊಟ್ಟೆಯೊಡೆಯುವ ಹೊತ್ತಿಗೆ ಥೈರಾಯ್ಡ್ ಹಾರ್ಮೋನು ಮೆದುಳಿಗೆ ಹರಿದುಬಂದು ಕೋಳಿಮರಿಯನ್ನು ಈ ಕಲಿಕೆಗೆ ಅಣಿಗೊಳಿಸುತ್ತದೆ. ಹೊತ್ತು ಮೀರಿದ ಮರಿಗೆ ಅದೇ ಹಾರ್ಮೋನನ್ನು ಕೊಟ್ಟಾಗ ಮುಚ್ಚಿದ ಬಾಗಿಲು ಮತ್ತೆ ತೆರೆಯಿತು.

ನನಗೆ ಈ ಇಡೀ ವಿಷಯದಲ್ಲಿ ಅತಿ ಬೆಲೆಬಾಳುವುದೆನಿಸುವುದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಗಿಲ್ಬರ್ಟ್ ಗಾಟ್ಲೀಬ್ ವರ್ಷಗಟ್ಟಲೆ ಮಾಡಿದ ಕೆಲಸ. ಎಲ್ಲರೂ ಮರಿ ಹೊರಬಂದ ಮೇಲೆ ಏನು ನೋಡುತ್ತದೆ ಎಂದು ಕೇಳುತ್ತಿದ್ದಾಗ, ಅದು ಒಳಗಿದ್ದಾಗಲೇ ಏನು ಕೇಳಿಸಿಕೊಳ್ಳುತ್ತದೆ ಎಂದು ಅವರು ಕೇಳಿದರು.

ಬಾತಿನ ಮರಿ ಹೊರಬರುವ ಎರಡು ಮೂರು ದಿನ ಮುಂಚೆ ಮೊಟ್ಟೆಯ ಮೊಂಡುತುದಿಯ ಗಾಳಿಚೀಲಕ್ಕೆ ಕೊಕ್ಕು ತೂರಿಸಿ ಉಸಿರಾಡಲು ಶುರುಮಾಡುತ್ತದೆ. ಉಸಿರು ಬಂದ ಮೇಲೆ ದನಿಯೂ ಬರುತ್ತದೆ. ಬಿರುಕು ಬಿಡದ ಮೊಟ್ಟೆಯನ್ನು ಕಿವಿಗೆ ಹಿಡಿದರೆ ಒಳಗಿನಿಂದ ಚಿಂವ್ ಚಿಂವ್ ಕೇಳಿಸುತ್ತದೆ. ಕಾವು ಕೂತ ತಾಯಿಯೂ ಮೆಲ್ಲಗೆ ಮಾರುಲಿಯುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಅದರ ಕರೆ ಹೆಚ್ಚುತ್ತದೆ. ಗೂಡು ಬಿಟ್ಟು ಹೊರಡುವಾಗ ಮಲ್ಲಾರ್ಡ್ ತಾಯಿ ಕೂಗುವ ಕರೆಗೆ ಒಂದು ಗತಿಯಿದೆ: ಸೆಕೆಂಡಿಗೆ ಸುಮಾರು ನಾಲ್ಕು ಸ್ವರ.

ಗಾಟ್ಲೀಬ್ ಕಾವು ಯಂತ್ರದಲ್ಲಿ ಹುಟ್ಟಿದ, ತಾಯಿಯ ದನಿಯನ್ನೇ ಕೇಳದ ಮರಿಗಳನ್ನು ತಂದು ಎರಡು ಧ್ವನಿವರ್ಧಕಗಳ ನಡುವೆ ಬಿಟ್ಟರು. ಒಂದರಲ್ಲಿ ಮಲ್ಲಾರ್ಡ್ ತಾಯಿಯ ಕರೆ, ಇನ್ನೊಂದರಲ್ಲಿ ಹೇಂಟೆಯ ಕರೆ. ಮರಿಗಳು ತಪ್ಪದೆ ಮಲ್ಲಾರ್ಡಿನ ಕರೆಯತ್ತ ಹೋದವು. ಕೇಳಿರದ ದನಿಯನ್ನು ಗುರುತಿಸಿದವು ಎಂದಮೇಲೆ ಇದು ಹುಟ್ಟುಗುಣವೇ ಸರಿ ಎಂದು ಬೇರೆಯವರಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಗಾಟ್ಲೀಬ್ ನಿಲ್ಲಿಸಲಿಲ್ಲ. ತಾಯಿಯನ್ನು ಕೇಳಿರದಿದ್ದರೂ ಮರಿ ತನ್ನ ದನಿಯನ್ನೇ ಕೇಳಿಕೊಂಡಿತ್ತಲ್ಲ? ಮೊಟ್ಟೆಯೊಳಗಿದ್ದಾಗಲೇ ಸೂಕ್ಷ್ಮ ಶಸ್ತ್ರಕ್ರಿಯೆ ಮಾಡಿ ಕೆಲವು ಮರಿಗಳು ದನಿ ಹೊರಡಿಸದಂತೆ ಮಾಡಿದರು, ಒಡಹುಟ್ಟಿದವುಗಳ ದನಿಯೂ ಕೇಳದಂತೆ ಬೇರೆಯಾಗಿ ಇಟ್ಟರು. ಹೀಗೆ ಪೂರ್ತಿ ಮೌನದಲ್ಲಿ ಬೆಳೆದ ಮರಿಗಳಿಗೆ ಮಲ್ಲಾರ್ಡಿನ ಕರೆಗೂ ಕೋಳಿಯ ಕರೆಗೂ ವ್ಯತ್ಯಾಸ ಸರಿಯಾಗಿ ತಿಳಿಯಲಿಲ್ಲ. ಮೊಟ್ಟೆಯೊಳಗಿನ ಮರಿಗಳ ದನಿಯನ್ನು ಧ್ವನಿಮುದ್ರಿಸಿ ಅವಕ್ಕೆ ಕೇಳಿಸಿದಾಗ ಗುರುತು ಮರಳಿ ಬಂತು. ತಾಯಿಯ ಕರೆಯ ಗತಿಯನ್ನು ಮರಿಯ ಕಿವಿ ಹಿಡಿಯುವಂತೆ ಮಾಡಿದ್ದು ಮೊಟ್ಟೆಯೊಳಗಿನ ಅದರದೇ ಚಿಂವ್‌ಗುಟ್ಟುವಿಕೆ.

ಕಣ್ಣಿನ ವಿಷಯದಲ್ಲೂ ಮರಿ ತೀರ ಖಾಲಿ ಹಲಗೆಯಲ್ಲ. ಕೇಂಬ್ರಿಜ್‌ನಲ್ಲಿ ಗೇಬ್ರಿಯಲ್ ಹಾರ್ನ್ ಮತ್ತು ಮಾರ್ಕ್ ಜಾನ್ಸನ್, ಯಾವುದೇ ವಸ್ತುವಿಗೂ ಅಚ್ಚು ಒತ್ತಿಕೊಳ್ಳದ ಕೋಳಿಮರಿಗಳಿಗೆ ತುಪ್ಪಳ ತುಂಬಿದ ಕಾಡುಕೋಳಿಯ ಬೊಂಬೆಯನ್ನೂ ಕೆಂಪು ಪೆಟ್ಟಿಗೆಯನ್ನೂ ತೋರಿಸಿದಾಗ ಅವು ಬೊಂಬೆಯತ್ತ ವಾಲಿದವು. ಆ ಸೆಳೆತ ಇದ್ದದ್ದು ತಲೆ ಮತ್ತು ಕತ್ತಿನ ಆಕಾರದಲ್ಲಿ. ಬೇರೆ ಪ್ರಾಣಿಯ ತಲೆಯಾದರೂ ಅವಕ್ಕೆ ನಡೆಯುತ್ತಿತ್ತು. ಇಟಲಿಯ ಜೋರ್ಜೊ ವಲ್ಲೋರ್ತಿಗಾರ ಅವರ ತಂಡ ಇನ್ನೂ ಮುಂದೆ ಹೋಗಿ, ಕತ್ತಲೆಯ ಪರದೆಯ ಮೇಲೆ ಬರೀ ಬೆಳಕಿನ ಚುಕ್ಕೆಗಳನ್ನು ಓಡಾಡಿಸಿತು. ಜೀವಿಯೊಂದು ನಡೆದಾಗ ಕೀಲುಗಳು ಅಲುಗುವ ಹಾಗೆ ಚುಕ್ಕೆಗಳು ಅಲುಗಿದರೆ ಹೊಸದಾಗಿ ಹುಟ್ಟಿದ ಕೋಳಿಮರಿಗಳು ಅತ್ತ ಹೋಗುತ್ತಿದ್ದವು.

ಇವನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ ಗೂಡಿನೊಳಗಿನ ಮರಿಯ ಸ್ಥಿತಿ ಬೇರೆಯೇ ಆಗಿ ಕಾಣುತ್ತದೆ. ಕರೆಯ ಗತಿಗೆ ಕಿವಿ ಮೊದಲೇ ಅಣಿಯಾಗಿದೆ, ಮೈಗೆ ತಾಯಿಯ ಬಿಸಿ ತಾಗುತ್ತಿದೆ, ಕಣ್ಣು ತಲೆ-ಕತ್ತಿರುವ, ತಾನಾಗಿ ಚಲಿಸುವ ಜೀವಿಯನ್ನು ಹುಡುಕುತ್ತಿದೆ, ಮತ್ತು ಆ ಗಂಟೆಗಳಲ್ಲಿ ಅಲ್ಲಿರುವುದು ತಾಯಿ ಒಬ್ಬಳೇ. ಇಷ್ಟೂ ಕಡೆಯಿಂದ ತಾಯಿಯತ್ತ ತಿರುಗಿಸಿದ ಮೇಲೆ ಉಳಿಯುವ ಕೊನೆಯ ವಿವರ ಅವಳ ರೂಪ. ಅದನ್ನು ಮರಿ ಅಲ್ಲೇ ಕಲಿಯುತ್ತದೆ. ಮೊದಲು ಚಲಿಸಿದ ಚೆಂಡನ್ನೋ ಬೂಟನ್ನೋ ಹಿಂಬಾಲಿಸುವುದು, ನಾವು ತಾಯಿಯನ್ನು ಅಲ್ಲಿಂದ ತೆಗೆದುಬಿಟ್ಟಾಗ. ಹೆಸ್ ಕೂಡ ಮುಂದಿನ ವರ್ಷಗಳಲ್ಲಿ ಕಾಡಿನ ಗೂಡುಗಳನ್ನು ಗಮನಿಸಿ, ನಿಜವಾದ ತಾಯಿಯ ಮೇಲೆ ಬೀಳುವ ಅಚ್ಚು ಪ್ರಯೋಗಾಲಯದ ಗೊಂಬೆಯ ಮೇಲೆ ಬೀಳುವುದಕ್ಕಿಂತ ಬಹಳ ಗಟ್ಟಿ ಎಂದು ಒಪ್ಪಿಕೊಂಡರು. ಮರಿಯನ್ನು ಪೆದ್ದು ಎನ್ನುವುದು ಅನ್ಯಾಯ.

ರೂಪ ಎಂದರೂ ಅದು ಒಂದು ಚಿತ್ರವನ್ನು ಹಾಗೇ ಇಟ್ಟುಕೊಳ್ಳುವುದಲ್ಲ. ತಾಯಿ ಎದುರಿನಿಂದ ಒಂದು ಬಗೆ ಕಂಡರೆ ಹಿಂದಿನಿಂದ ಇನ್ನೊಂದು, ನೀರಿನಲ್ಲಿ ತಲೆ ಮುಳುಗಿಸಿದಾಗ ಮತ್ತೊಂದು. ಆಕ್ಸ್‌ಫರ್ಡ್‌ನ ಆಂಟೋನ್ ಮಾರ್ಟಿನೋ ಮತ್ತು ಅಲೆಕ್ಸ್ ಕಾಸೆಲ್ನಿಕ್ 2016ರಲ್ಲಿ ಬಾತಿನ ಮರಿಗಳಿಗೆ ಒಂದೇ ಆಕಾರದ ಎರಡು ವಸ್ತುಗಳ ಜೋಡಿಯನ್ನು ಹಿಂಬಾಲಿಸಲು ಬಿಟ್ಟರು. ಆಮೇಲೆ ಹಿಂದೆ ನೋಡಿರದ ಎರಡು ಹೊಸ ಜೋಡಿ ತೋರಿಸಿದರು, ಒಂದರಲ್ಲಿ ಎರಡೂ ಒಂದೇ ಆಕಾರ, ಇನ್ನೊಂದರಲ್ಲಿ ಬೇರೆ ಬೇರೆ. ಬಹುಪಾಲು ಮರಿಗಳು ಒಂದೇ ಆಕಾರದ ಜೋಡಿಯ ಹಿಂದೆ ಹೋದವು. ಬೇರೆ ಬೇರೆ ಆಕಾರದ ಜೋಡಿಯಿಂದ ಶುರುಮಾಡಿದ್ದ ಮರಿಗಳು ಬೇರೆ ಬೇರೆ ಇರುವ ಜೋಡಿಯನ್ನು ಆರಿಸಿದವು. ಒಂದು ದಿನದ ಮರಿ ವಸ್ತುವಿನ ಜತೆಗೆ ವಸ್ತುಗಳ ನಡುವಿನ ಸಂಬಂಧವನ್ನೂ ಹಿಡಿದಿತ್ತು.

ಈ ಕಲಿಕೆಯನ್ನು ಒಳ್ಳೆಯದಕ್ಕೆ ಬಳಸಿಕೊಂಡವರೂ ಇದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಹಿಮಾಲಯ ದಾಟಿ ಬರುವ ಹಕ್ಕಿಗಳವು. ಆಮ್ಲಜನಕ ಅಷ್ಟು ಕಡಿಮೆ ಇರುವಲ್ಲಿ ಹೇಗೆ ಹಾರುತ್ತವೆ ಎಂದು ಅಳೆಯಲು ಜೆಸಿಕಾ ಮೆಯರ್ ಎಂಬ ವಿಜ್ಞಾನಿ ಆ ಜಾತಿಯ ಮರಿಗಳು ಮೊಟ್ಟೆಯೊಡೆಯುವಾಗ ತಾನೇ ಎದುರಿಗಿದ್ದು ತಾಯಿಯಾದರು. ಮರಿಗಳು ಬೆಳೆದಂತೆ ಅವರು ಸೈಕಲ್ಲಿನಲ್ಲಿ, ಆಮೇಲೆ ಸ್ಕೂಟರಿನಲ್ಲಿ ಹೋಗುತ್ತಿದ್ದರೆ ಅವು ಪಕ್ಕದಲ್ಲೇ ಹಾರುತ್ತಿದ್ದವು. ನಂಬಿಕೆ ಇದ್ದದ್ದರಿಂದಲೇ ಕೆನಡಾದ ಪ್ರಯೋಗಾಲಯದ ಗಾಳಿಸುರಂಗದಲ್ಲಿ ಮುಖಕ್ಕೆ ಮಾಸ್ಕ್ ತೊಟ್ಟು ಹಾರಲು ಒಪ್ಪಿದವು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅದೇ ವರ್ಷ ಮೆಯರ್ ಅಂತರಿಕ್ಷ ನಿಲ್ದಾಣಕ್ಕೆ ಹೋದರು.

ಆದರೆ ಮನುಷ್ಯನ ಮೇಲೆ ಬಿದ್ದ ಅಚ್ಚು ಮುಂದೆ ಹಕ್ಕಿಯ ಬಾಳನ್ನೇ ಕೆಡಿಸಬಹುದು. ತಾಯಿಯನ್ನು ಹಿಂಬಾಲಿಸುವ ಕಲಿಕೆ ಒಂದು ದಿನದ್ದಾದರೆ, ಮುಂದೆ ಜೋಡಿಯಾಗಿ ಯಾರನ್ನು ಆರಿಸಬೇಕು ಎಂಬ ಕಲಿಕೆ ನಂತರದ ವಾರಗಳಲ್ಲಿ ನಿಧಾನವಾಗಿ ನಡೆಯುತ್ತದೆ. ಅಮೆರಿಕದ ವೂಪಿಂಗ್ ಕ್ರೇನ್ ಎಂಬ ದೊಡ್ಡ ಬಿಳಿ ಕೊಕ್ಕರೆ ಜಾತಿ ಅಳಿವಿನಂಚಿಗೆ ಬಂದಿದ್ದಾಗ, ಮನುಷ್ಯರ ಕೈಯಲ್ಲಿ ಬೆಳೆದ ಟೆಕ್ಸ್ ಎಂಬ ಹೆಣ್ಣು ತನ್ನ ಜಾತಿಯ ಗಂಡನ್ನು ಒಲ್ಲೆನೆಂದಿತು. ಜಾರ್ಜ್ ಆರ್ಚಿಬಾಲ್ಡ್ ಎಂಬ ಪಕ್ಷಿತಜ್ಞ ವರ್ಷಗಳ ಕಾಲ ಅದರ ಜತೆ ಇದ್ದು, ಗಂಡುಹಕ್ಕಿಯಂತೆ ಕುಣಿದು, ಕೃತಕ ಗರ್ಭಧಾರಣೆ ಮಾಡಿಸಿ 1982ರಲ್ಲಿ ಒಂದೇ ಒಂದು ಮರಿ ಪಡೆದರು. ಆ ಪಾಠದಿಂದಲೇ ಇಂದು ಕ್ರೇನ್ ಮರಿಗಳನ್ನು ಸಾಕುವವರು ಮೈ ಮುಚ್ಚುವ ಬಿಳಿ ನಿಲುವಂಗಿ ತೊಟ್ಟು, ಕೈಗೆ ಕ್ರೇನ್ ತಲೆಯ ಗೊಂಬೆ ಹಾಕಿಕೊಂಡು, ಮಾತೇ ಆಡದೆ ಮೇವು ಕೊಡುತ್ತಾರೆ.

ಮನೆಯಲ್ಲಿ ಕಾವು ಯಂತ್ರವಿಟ್ಟು ಬಾತಿನ ಮರಿ ಮಾಡಿಸುವವರಿಗೆ ಇದರಿಂದ ತಿಳಿಯಬೇಕಾದದ್ದಿಷ್ಟು. ಒಂದೇ ಮೊಟ್ಟೆಯನ್ನು ಇಡಬೇಡಿ, ನಾಲ್ಕಾರು ಒಟ್ಟಿಗೆ ಇಡಿ. ಒಂಟಿ ಮರಿ ನಿಮಗೆ ಅಂಟಿಕೊಂಡು, ನೀವು ಕಣ್ಮರೆಯಾದ ಗಳಿಗೆಯಿಂದ ಎತ್ತರದ ದನಿಯಲ್ಲಿ ಅಳುತ್ತದೆ, ಮೇವು ಬಿಡುತ್ತದೆ. ದೊಡ್ಡದಾದ ಮೇಲೂ ಬಾತುಗಳ ಗುಂಪಿಗೆ ಸುಲಭವಾಗಿ ಹೊಂದುವುದಿಲ್ಲ. ಮೊದಲ ಎರಡು ದಿನ ಮರಿಗಳನ್ನು ಒಟ್ಟಿಗೇ ಬಿಡಿ, ಎತ್ತಿ ಆಡಿಸುವುದನ್ನು ಆಮೇಲೆ ಇಟ್ಟುಕೊಳ್ಳಿ. ಕೆರೆಯಂಚಿನಲ್ಲಿ ಕಾಡುಬಾತಿನ ಮರಿಯೊಂದು ಒಂಟಿಯಾಗಿ ಅಳುತ್ತಿದ್ದರೆ ಮನೆಗೆ ತರಬೇಡಿ. ದೂರ ಸರಿದು ನಿಲ್ಲಿ, ನಾಯಿಗಳನ್ನು ಅತ್ತ ಬಿಡಬೇಡಿ. ಅದರ ಅಳು ಕೇಳಿ ತಾಯಿ ಕರೆಯುತ್ತದೆ, ಆ ಕರೆ ಮರಿಗೆ ಮೊಟ್ಟೆಯೊಳಗಿನಿಂದಲೇ ಗೊತ್ತು. ತಾಯಿ ಬಾರದೆ ಹೊತ್ತು ಮುಳುಗುವಂತಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.